ಎರಡು ವಾಲ್ವು, ಎರಡು ಗುರಿ: ಜೋಡಿ ಹಾಕುವ ಲೆಕ್ಕ

ಬೆಳಗಾವಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳ ಪಕ್ಕದ ಡಿಸ್ಟಿಲರಿಗಳಲ್ಲಿ, ಮಂಗಳೂರಿನ ತೈಲ ಸಂಸ್ಕರಣಾಗಾರದಲ್ಲಿ ಎತ್ತರಕ್ಕೆ ನಿಂತು ಕಾಣುವ ಉಕ್ಕಿನ ಗೋಪುರಗಳಲ್ಲಿ ಬಹುಪಾಲು ಡಿಸ್ಟಿಲೇಷನ್ ಕಾಲಂಗಳು. ಕುದಿಯುವ ಬಿಂದು ಬೇರೆ ಬೇರೆಯಾಗಿರುವ ದ್ರವಗಳ ಮಿಶ್ರಣವನ್ನು ಬೇರ್ಪಡಿಸುವುದು ಇವುಗಳ ಕೆಲಸ. ಬುಡದಲ್ಲಿರುವ ರೀಬಾಯ್ಲರಿಗೆ ಹಬೆ ಕೊಟ್ಟರೆ ದ್ರವ ಕುದಿದು ಆವಿ ಮೇಲೇರುತ್ತದೆ. ತುದಿಯ ಕಂಡೆನ್ಸರಿನಲ್ಲಿ ಆವಿ ತಣಿದು ದ್ರವವಾದ ಮೇಲೆ ಅದರ ಒಂದು ಪಾಲು ಉತ್ಪನ್ನವಾಗಿ ಹೊರಬೀಳುತ್ತದೆ, ಇನ್ನೊಂದು ಪಾಲು ರಿಫ್ಲಕ್ಸ್ ಎಂಬ ಹೆಸರಿನಲ್ಲಿ ಮತ್ತೆ ಕಾಲಂಗೆ ಇಳಿಯುತ್ತದೆ. ಮೇಲಿನ ಉತ್ಪನ್ನವೂ ತಳದ ಉತ್ಪನ್ನವೂ ಹೇಳಿದಷ್ಟು ಶುದ್ಧವಾಗಿರಬೇಕು ಎಂದರೆ ಗುರಿ ಎರಡಾದವು. ಅವನ್ನು ಸಾಧಿಸಲು ಆಪರೇಟರ್ ಕೈಯಲ್ಲಿರುವ ಮುಖ್ಯ ವಾಲ್ವುಗಳೂ ಎರಡು: ರಿಫ್ಲಕ್ಸಿನದು ಮತ್ತು ಹಬೆಯದು. ತೊಂದರೆ ಇರುವುದು ಇಲ್ಲೇ. ಯಾವ ವಾಲ್ವು ತಿರುಗಿಸಿದರೂ ಎರಡೂ ಶುದ್ಧತೆಗಳು ಕದಲುತ್ತವೆ. ಆದರೆ ಒಂದು ಕಂಟ್ರೋಲರ್ ಒಂದು ಅಳತೆಯನ್ನು ನೋಡಿಕೊಂಡು ಒಂದೇ ವಾಲ್ವನ್ನು ಆಡಿಸುತ್ತದೆ. ಹಾಗಾಗಿ ಯಾವ ಅಳತೆಗೆ ಯಾವ ವಾಲ್ವು ಎಂಬ ಜೋಡಿಯನ್ನು ಮೊದಲೇ ತೀರ್ಮಾನಿಸಬೇಕು.

ಯಾವ ವಾಲ್ವು ಯಾವ ಅಳತೆಯನ್ನು ಹೆಚ್ಚು ಕದಲಿಸುತ್ತದೋ ಅದನ್ನು ಅದಕ್ಕೇ ಕೊಡೋಣ ಎಂದು ಯಾರಿಗಾದರೂ ಮೊದಲು ತೋಚುತ್ತದೆ. ಈ ಯೋಚನೆ ದಾರಿ ತಪ್ಪಿಸುತ್ತದೆ ಎಂಬುದೇ ಈ ಲೇಖನದ ವಾದ. ವಾಲ್ವಿನ ಬಲ ಎಷ್ಟು ಎಂದು ಕೇಳಿದರೆ ಸಾಲದು. ಪಕ್ಕದ ಲೂಪ್ ಆಟೋದಲ್ಲಿ ಕೆಲಸ ಮಾಡುತ್ತಿರುವಾಗ ಆ ಬಲದಲ್ಲಿ ಎಷ್ಟು ಉಳಿಯುತ್ತದೆ, ಅದರ ದಿಕ್ಕು ಹಾಗೇ ಇರುತ್ತದೆಯೇ ಎಂದು ಕೇಳಬೇಕು. ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವ ಸಾಧನವೇ ರಿಲೇಟಿವ್ ಗೇನ್ ಅರೇ. ಅಮೆರಿಕದ ಫಾಕ್ಸ್‌ಬರೋ ಕಂಪನಿಯಲ್ಲಿದ್ದ ಎಡ್ಗರ್ ಬ್ರಿಸ್ಟಲ್ 1966ರಲ್ಲಿ ಇದನ್ನು ಮುಂದಿಟ್ಟರು.

ನಾಲ್ಕು ಅಂಕಿಗಳ ಕಾಲಂ

ಈ ವಿಷಯ ಕಲಿಯುವವರೆಲ್ಲ ಹಾದುಹೋಗುವ ಒಂದು ಕಾಲಂ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ವುಡ್ ಮತ್ತು ಬೆರಿ ಎಂಬ ಸಂಶೋಧಕರು ಎಂಟು ಟ್ರೇಗಳ, ಒಂಬತ್ತು ಇಂಚು ವ್ಯಾಸದ ಸಣ್ಣ ಕಾಲಂನಲ್ಲಿ ಮೆಥನಾಲ್ ಮತ್ತು ನೀರನ್ನು ಬೇರ್ಪಡಿಸಿ, ಅದರ ನಡವಳಿಕೆಯನ್ನು 1973ರಲ್ಲಿ ಪ್ರಕಟಿಸಿದರು. ಮೇಲಿನ ಉತ್ಪನ್ನದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ 96ರಷ್ಟು ಮೆಥನಾಲ್ ಇತ್ತು. ತಳದಲ್ಲಿ ಉಳಿಯುತ್ತಿದ್ದದ್ದು ಸುಮಾರು ಶೇ 0.5 ಮಾತ್ರ. ಒಂದು ವಾಲ್ವನ್ನು ಸ್ವಲ್ಪ ತೆರೆದು, ಇನ್ನೊಂದನ್ನು ಮುಟ್ಟದೆ, ಕಾಲಂ ಹೊಸ ಸ್ಥಿತಿಯಲ್ಲಿ ನೆಲೆಗೊಳ್ಳುವವರೆಗೆ ಕಾದು ನೋಡಿದರೆ ಎಷ್ಟು ಬದಲಾವಣೆ ಆಯಿತು ಎಂಬುದು ಸಿಗುತ್ತದೆ. ಅದನ್ನು ವಾಲ್ವಿನ ಹರಿವಿನ ಬದಲಾವಣೆಯಿಂದ ಭಾಗಿಸಿದರೆ ಬರುವುದು ಗೇನ್. ಅವರ ಕಾಲಂನ ನಾಲ್ಕು ಗೇನ್‌ಗಳು ಹೀಗಿವೆ. ಹರಿವಿನ ಅಳತೆ ನಿಮಿಷಕ್ಕೆ ಇಷ್ಟು ಪೌಂಡ್ ಎಂದು.

```
                  ರಿಫ್ಲಕ್ಸ್        ಹಬೆ
ಮೇಲಿನ ಮೆಥನಾಲ್     12.8        -18.9
ತಳದ ಮೆಥನಾಲ್        6.6        -19.4
```

ಈ ಅಂಕಿಗಳ ಚಿಹ್ನೆಗಳಿಗೆ ಕಾಲಂನೊಳಗೇ ಕಾರಣವಿದೆ. ರಿಫ್ಲಕ್ಸ್ ಹೆಚ್ಚಿಸಿದರೆ ಮೇಲಿನಿಂದ ಇಳಿಯುವ ದ್ರವ ಏರುವ ಆವಿಯನ್ನು ಇನ್ನಷ್ಟು ತೊಳೆಯುತ್ತದೆ, ಮೇಲಿನ ಮೆಥನಾಲ್ ಶುದ್ಧವಾಗುತ್ತದೆ. ಆದರೆ ಅದೇ ದ್ರವದ ಜೊತೆ ಮೆಥನಾಲ್ ಕೆಳಗೂ ಇಳಿದು ತಳದ ಉತ್ಪನ್ನಕ್ಕೆ ಸೇರುತ್ತದೆ. ಹಬೆ ಹೆಚ್ಚಿಸಿದರೆ ತಳದ ಮೆಥನಾಲ್ ಆವಿಯಾಗಿ ಹೋಗುವುದರಿಂದ ತಳ ಸ್ವಚ್ಛವಾಗುತ್ತದೆ, ಆದರೆ ಆವಿಯ ಜೊತೆ ನೀರೂ ಮೇಲೇರಿ ಮೇಲಿನ ಶುದ್ಧತೆ ಕುಗ್ಗುತ್ತದೆ. ಈಗ ಮೊದಲ ಸಾಲನ್ನು ಮತ್ತೊಮ್ಮೆ ನೋಡಿ. ಮೇಲಿನ ಶುದ್ಧತೆಯ ಮೇಲೆ ಹಬೆಯ ಪ್ರಭಾವ 18.9; ರಿಫ್ಲಕ್ಸಿನದು 12.8. ಹೆಚ್ಚು ಬಲದ ವಾಲ್ವನ್ನೇ ಆರಿಸುವ ನಿಯಮ ಹಿಡಿದರೆ ಮೇಲಿನ ಶುದ್ಧತೆಗೆ ಹಬೆಯನ್ನು ಕೊಡಬೇಕಾಗುತ್ತದೆ, ಉಳಿದ ರಿಫ್ಲಕ್ಸ್ ತಳದ ಪಾಲಾಗುತ್ತದೆ. ಆ ನಿಯಮಕ್ಕೆ ಇನ್ನೊಂದು ಕೊರತೆಯೂ ಇದೆ. ರಿಫ್ಲಕ್ಸನ್ನು ಪೌಂಡಿನ ಬದಲು ಕಿಲೋದಲ್ಲಿ ಅಳೆದು, ಹಬೆಯನ್ನು ಪೌಂಡಿನಲ್ಲೇ ಬಿಟ್ಟರೆ 12.8 ಇದ್ದದ್ದು ಸುಮಾರು 28 ಆಗಿ, ದೊಡ್ಡದು ಯಾವುದು ಎಂಬ ತೀರ್ಪೇ ತಿರುವುಮುರುವಾಗುತ್ತದೆ. ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುವಂಥ ನಿಯಮವನ್ನು ನಂಬಿ ಗೋಪುರ ನಡೆಸಲಾಗದು.

ಪಕ್ಕದ ಲೂಪ್ ಎಚ್ಚರವಾಗಿದ್ದಾಗ

ಬ್ರಿಸ್ಟಲ್ ಅವರ ವಿಚಾರವನ್ನು ಸೂತ್ರಕ್ಕೆ ಹೋಗುವ ಮೊದಲು ಕೈಲೆಕ್ಕದಲ್ಲೇ ಕಾಣಬಹುದು. ಮೇಲಿನದಕ್ಕೆ ರಿಫ್ಲಕ್ಸ್, ತಳಕ್ಕೆ ಹಬೆ ಎಂದು ಜೋಡಿ ಹಾಕಿದ್ದೇವೆ ಎನ್ನಿ. ರಿಫ್ಲಕ್ಸನ್ನು ನಿಮಿಷಕ್ಕೆ 0.01 ಪೌಂಡ್ ಹೆಚ್ಚಿಸಿದರೆ ಮೇಲಿನ ಮೆಥನಾಲ್ 0.128 ಏರುತ್ತದೆ, ಅಂದರೆ ಶೇ 96 ಇದ್ದದ್ದು ಶೇ 96.128 ಆಗುತ್ತದೆ. ಅದೇ ಹೊತ್ತಿಗೆ ತಳದ ಮೆಥನಾಲ್ ಕೂಡ 0.066 ಏರುತ್ತದೆ. ತಳದ ಲೂಪ್ ಆಟೋದಲ್ಲಿದ್ದರೆ ಅದು ಸುಮ್ಮನೆ ಕೂರುವುದಿಲ್ಲ, ತಳವನ್ನು ಗುರಿಗೆ ಮರಳಿಸಲು ಹಬೆಯನ್ನು ಹೆಚ್ಚಿಸುತ್ತದೆ. ಎಷ್ಟು ಬೇಕು? 0.066ನ್ನು 19.4ರಿಂದ ಭಾಗಿಸಿದರೆ 0.0034 ಪೌಂಡ್. ಆ ಹಬೆ ಮೇಲಿನ ಶುದ್ಧತೆಯನ್ನು 18.9ರ ಗೇನ್‌ನಲ್ಲಿ 0.064ರಷ್ಟು ಕೆಳಕ್ಕೆ ಎಳೆಯುತ್ತದೆ. ಎಲ್ಲ ನೆಲೆಗೊಂಡ ಮೇಲೆ ಮೇಲಿನ ಶುದ್ಧತೆಗೆ ಉಳಿದ ಲಾಭ 0.128ರಲ್ಲಿ 0.064 ಮಾತ್ರ. ಪಕ್ಕದ ಲೂಪ್ ರಿಫ್ಲಕ್ಸಿನ ಬಲದಲ್ಲಿ ಅರ್ಧವನ್ನು ತಿಂದುಹಾಕಿತು, ಆದರೆ ದಿಕ್ಕು ಬದಲಾಗಲಿಲ್ಲ. ಪಕ್ಕದ ಲೂಪ್ ಮ್ಯಾನುಯಲ್‌ನಲ್ಲಿದ್ದಾಗಿನ ಗೇನನ್ನು ಅದು ಆಟೋದಲ್ಲಿದ್ದಾಗಿನ ಗೇನಿನಿಂದ ಭಾಗಿಸಿದರೆ ಬರುವುದೇ ರಿಲೇಟಿವ್ ಗೇನ್. ಇಲ್ಲಿ ಅದು ಸುಮಾರು 2.

ಇನ್ನು ಬಲದ ನಿಯಮ ಸೂಚಿಸಿದ ಅಡ್ಡ ಜೋಡಿಯನ್ನು ನೋಡೋಣ: ಮೇಲಿನದಕ್ಕೆ ಹಬೆ, ತಳಕ್ಕೆ ರಿಫ್ಲಕ್ಸ್. ಹಬೆಯನ್ನು 0.01 ಹೆಚ್ಚಿಸಿದರೆ ಮೇಲಿನ ಮೆಥನಾಲ್ 0.189 ಇಳಿಯುತ್ತದೆ. ತಳದ ಮೆಥನಾಲ್ ಕೂಡ 0.194 ಇಳಿಯುತ್ತದೆ. ತಳವನ್ನು ಗುರಿಗೆ ಮರಳಿಸಬೇಕಾದ ಲೂಪಿನ ಕೈಯಲ್ಲಿರುವುದು ರಿಫ್ಲಕ್ಸ್. ತಳದ ಮೇಲೆ ಅದರ ಗೇನ್ 6.6 ಮಾತ್ರ. ಆದ್ದರಿಂದ ಅದು ರಿಫ್ಲಕ್ಸನ್ನು 0.0294ರಷ್ಟು, ಎಂದರೆ ಹಬೆಯ ಹೆಚ್ಚಳದ ಸುಮಾರು ಮೂರು ಪಟ್ಟು, ಏರಿಸಬೇಕಾಗುತ್ತದೆ. ಅಷ್ಟು ರಿಫ್ಲಕ್ಸ್ ಮೇಲಿನ ಶುದ್ಧತೆಯನ್ನು 0.376 ಏರಿಸುತ್ತದೆ. 0.189 ಇಳಿದದ್ದನ್ನು ಕಳೆದರೆ ಕೊನೆಗೆ ಉಳಿಯುವುದು 0.187ರ ಏರಿಕೆ. ಹಬೆ ಹೆಚ್ಚಿಸಿದರೆ ಇಳಿಯಬೇಕಾಗಿದ್ದ ಶುದ್ಧತೆ, ಪಕ್ಕದ ಲೂಪ್ ಎಚ್ಚರವಾಗಿದ್ದರೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಗೇನ್ -18.9 ಇದ್ದದ್ದು +18.7 ಆಯಿತು. ರಿಲೇಟಿವ್ ಗೇನ್ ಸುಮಾರು -1. ಹೆಚ್ಚು ಬಲವಿದೆ ಎಂದು ಆರಿಸಿದ ವಾಲ್ವೇ ದಿಕ್ಕು ತಿರುಗಿಸಿಕೊಂಡಿತು.

ಎರಡು ಗುರಿ, ಎರಡು ವಾಲ್ವಿನ ಯಾವುದೇ ವ್ಯವಸ್ಥೆಗೆ ಇಷ್ಟೂ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮಾಡಿ ಮುಗಿಸಬಹುದು. `K11`, `K12` ಮೊದಲ ಸಾಲಿನ ಗೇನ್‌ಗಳು; `K21`, `K22` ಎರಡನೆಯ ಸಾಲಿನವು.

```
λ11 = 1 / (1 - (K12·K21)/(K11·K22))
    = 1 / (1 - 124.74/248.32) = 2.01
```

ಉಳಿದ ಮೂರು ಅಂಕಿಗಳಿಗೆ ಬೇರೆ ಲೆಕ್ಕ ಬೇಡ. ಪ್ರತಿ ಸಾಲಿನ ಮೊತ್ತವೂ ಪ್ರತಿ ಕಂಬದ ಮೊತ್ತವೂ 1 ಆಗಲೇಬೇಕು. ಆದ್ದರಿಂದ ನೇರ ಜೋಡಿಗೆ 2.01 ಬಂದರೆ ಅಡ್ಡ ಜೋಡಿಗೆ -1.01. ಗೇನ್‌ಗಳು ಮೇಲೂ ಕೆಳಗೂ ಬರುವುದರಿಂದ ಪೌಂಡು, ಕಿಲೋಗಳ ಗೊಂದಲವೂ ಅಳಿಸಿಹೋಗುತ್ತದೆ. ಓದುವ ಬಗೆ ಹೀಗೆ: 1ರ ಹತ್ತಿರವಿದ್ದರೆ ಪಕ್ಕದ ಲೂಪ್ ಈ ವಾಲ್ವಿನ ಬಲವನ್ನು ಬದಲಿಸುವುದಿಲ್ಲ. 1ಕ್ಕಿಂತ ಹೆಚ್ಚಿದ್ದರೆ ಎರಡು ಲೂಪ್‌ಗಳು ಪರಸ್ಪರ ಎಳೆದಾಡುತ್ತವೆ, ಹೆಚ್ಚಿದಷ್ಟೂ ಎಳೆದಾಟ ಜೋರು. 0 ಮತ್ತು 1ರ ನಡುವೆ ಇದ್ದರೆ ಪಕ್ಕದ ಲೂಪ್ ಬಲವನ್ನು ಹೆಚ್ಚಿಸುತ್ತದೆ, 0.5 ಬಂದರೆ ಎರಡು ಜೋಡಿಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಕ್ಕಿಲ್ಲ. ಋಣ ಸಂಖ್ಯೆ ಬಂದ ಜೋಡಿಯನ್ನು ಮುಟ್ಟಬಾರದು.

ಋಣ ಸಂಖ್ಯೆಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ. ಕಂಟ್ರೋಲರಿಗೆ ವಾಲ್ವು ತೆರೆದರೆ ಅಳತೆ ಏರುತ್ತದೋ ಇಳಿಯುತ್ತದೋ ಎಂಬ ದಿಕ್ಕನ್ನು ಒಮ್ಮೆ ಹೇಳಿಕೊಟ್ಟರೆ ಅದು ಅದನ್ನೇ ನಂಬಿ ನಡೆಯುತ್ತದೆ. ಅಡ್ಡ ಜೋಡಿಯಲ್ಲಿ, ಪಕ್ಕದ ಲೂಪ್ ಮ್ಯಾನುಯಲ್‌ನಲ್ಲಿದ್ದಾಗ ಕಂಡ ದಿಕ್ಕನ್ನೇ ಹೇಳಿಕೊಟ್ಟರೆ ಒಂದೊಂದೇ ಲೂಪ್ ಪರೀಕ್ಷಿಸುವಾಗ ಎಲ್ಲವೂ ಚೆನ್ನಾಗಿ ನಡೆಯುತ್ತದೆ. ಎರಡನ್ನೂ ಆಟೋಗೆ ಹಾಕಿದ ಮೇಲೆ ವಿಚಿತ್ರ ಶುರುವಾಗುತ್ತದೆ. ಹಬೆ ಹೆಚ್ಚಾದ ಮೊದಲ ನಿಮಿಷಗಳಲ್ಲಿ ಮೇಲಿನ ಶುದ್ಧತೆ ನಿರೀಕ್ಷೆಯಂತೆಯೇ ಇಳಿಯುತ್ತದೆ. ತಳದ ಲೂಪ್ ತನ್ನ ಕೆಲಸ ಮಾಡುತ್ತಾ ಬಂದಂತೆ ತಿರುಗಿ ಏರತೊಡಗುತ್ತದೆ. ಗುರಿಯಿಂದ ಒಂದಿಷ್ಟೂ ಸರಿಯದಂತೆ ಹಿಡಿಯಲು ತಪ್ಪನ್ನು ಕೂಡಿಸುತ್ತಾ ಹೋಗುವ ಇಂಟಿಗ್ರಲ್ ಕ್ರಿಯೆ ಕಂಟ್ರೋಲರಿನಲ್ಲಿದ್ದರೆ ಅದು ತಪ್ಪು ದಿಕ್ಕಿಗೆ ಇನ್ನಷ್ಟು, ಮತ್ತಷ್ಟು ತಳ್ಳುತ್ತದೆ. ಕಂಟ್ರೋಲ್ ರೂಮಿನ ಟ್ರೆಂಡ್‌ನಲ್ಲಿ ಎರಡು ವಾಲ್ವುಗಳೂ ನಿಧಾನವಾಗಿ, ನಿಲ್ಲದೆ ತಮ್ಮ ಕೊನೆಯ ಮಿತಿಯತ್ತ ಸರಿಯುವುದು ಕಂಡರೆ ಜೋಡಿಯನ್ನೇ ಮೊದಲು ಅನುಮಾನಿಸಬೇಕು. ಹಾಗಾದರೆ ದಿಕ್ಕನ್ನು ತಿರುಗಿಸಿಬಿಟ್ಟರಾಯಿತಲ್ಲ ಎಂದರೆ, ಎರಡೂ ಲೂಪ್ ಆಟೋದಲ್ಲಿರುವವರೆಗೆ ಅದು ನಡೆದೀತು. ತಳದ ಅಳತೆ ಯಂತ್ರ ಕೆಟ್ಟು ಆ ಲೂಪನ್ನು ಮ್ಯಾನುಯಲ್‌ಗೆ ಹಾಕಿದ ದಿನ, ಅಥವಾ ರಿಫ್ಲಕ್ಸ್ ವಾಲ್ವು ಪೂರ್ತಿ ತೆರೆದು ಮುಂದೆ ಹೋಗಲಾರದ ದಿನ, ಉಳಿದ ಲೂಪ್ ತಪ್ಪು ದಿಕ್ಕಿನಲ್ಲಿ ಓಡುತ್ತದೆ. ಕಾರ್ಖಾನೆಯಲ್ಲಿ ಅಂಥ ದಿನಗಳು ಬಂದೇ ಬರುತ್ತವೆ.

ಆಕ್ಷೇಪಗಳು

ಇದೆಲ್ಲ ಕಾಲಂ ನೆಲೆಗೊಂಡ ಮೇಲಿನ ಅಂಕಿಗಳ ಆಟ, ನಡುವೆ ಕಾಲ ಎಂಬುದೊಂದಿದೆಯಲ್ಲ ಎಂಬುದು ಮೊದಲ ಆಕ್ಷೇಪ, ಮತ್ತು ಬಲವಾದ ಆಕ್ಷೇಪ. ವುಡ್–ಬೆರಿ ಕಾಲಂನಲ್ಲಿ ರಿಫ್ಲಕ್ಸ್ ಬದಲಾದ ಒಂದು ನಿಮಿಷಕ್ಕೆ ಮೇಲಿನ ಅಳತೆ ಕದಲತೊಡಗುತ್ತದೆ, ಆದರೆ ಆ ದ್ರವ ಟ್ರೇಯಿಂದ ಟ್ರೇಗೆ ಇಳಿದು ತಳದಲ್ಲಿ ಪರಿಣಾಮ ತೋರಿಸಲು ಏಳು ನಿಮಿಷ ಬೇಕು. ಹಬೆಯ ಪರಿಣಾಮ ಮೇಲೂ ಕೆಳಗೂ ಮೂರು ನಿಮಿಷಕ್ಕೆ ಕಾಣುತ್ತದೆ. ಈ ಕಾಲಂನಲ್ಲಿ ಅದೃಷ್ಟವಶಾತ್ ಕಾಲವೂ ರಿಲೇಟಿವ್ ಗೇನ್ ಹೇಳಿದ್ದನ್ನೇ ಹೇಳುತ್ತದೆ: ತಳವನ್ನು ಏಳು ನಿಮಿಷ ತಡವಾಗಿ ತಲುಪುವ ರಿಫ್ಲಕ್ಸಿನಿಂದ ತಳವನ್ನು ಆಳುವುದು ಕೆಟ್ಟ ಆಯ್ಕೆ. ಎಲ್ಲ ಕಡೆ ಹೀಗೆ ಇಬ್ಬರ ಸಾಕ್ಷ್ಯ ಒಂದೇ ಆಗಬೇಕೆಂದಿಲ್ಲ. ಅಷ್ಟೇ ಅಲ್ಲ, ಜೋಡಿ ಸರಿಯಾದರೂ ಕಂಟ್ರೋಲರನ್ನು ಎಷ್ಟು ಬಿರುಸಾಗಿ ಟ್ಯೂನ್ ಮಾಡಬೇಕು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಅಮೆರಿಕದ ವಿಲಿಯಂ ಲೂಯ್ಬೆನ್ 1986ರಲ್ಲಿ ಇದೇ ಕಾಲಂಗೆ ಲೆಕ್ಕ ಹಾಕಿದರು. ಎರಡು ಲೂಪ್‌ಗಳನ್ನು ಬೇರೆ ಬೇರೆಯಾಗಿ ಜೀಗ್ಲರ್–ನಿಕೋಲ್ಸ್ ನಿಯಮದಂತೆ ಟ್ಯೂನ್ ಮಾಡಿದರೆ ಕಂಟ್ರೋಲರ್ ಗೇನ್‌ಗಳು 0.96 ಮತ್ತು -0.19 ಬರುತ್ತವೆ. ಎರಡೂ ಕೂಡಿ ಓಲಾಡದೆ ನಡೆಯಬೇಕಾದರೆ ಅವನ್ನು 2.55 ಪಟ್ಟು ಮೆದುಗೊಳಿಸಿ 0.375 ಮತ್ತು -0.075ಕ್ಕೆ ಇಳಿಸಬೇಕೆಂದು ಅವರ ವಿಧಾನ ಹೇಳಿತು. ಇದರಿಂದ ನಾನು ಕಲಿಯುವ ಪಾಠ, ರಿಲೇಟಿವ್ ಗೇನ್ ವ್ಯರ್ಥ ಎಂಬುದಲ್ಲ. ಅದು ಬೇಡದ ಜೋಡಿಯನ್ನು ಹೊರಗಿಡುವ ಜರಡಿ. ಉಳಿದ ಜೋಡಿಯನ್ನು ಹೇಗೆ ನಡೆಸಬೇಕು ಎಂಬುದಕ್ಕೆ ಕಾಲದ ಲೆಕ್ಕ ಬೇರೆಯೇ ಬೇಕು.

ಗೇನ್‌ಗಳನ್ನು ಅಷ್ಟು ನಿಖರವಾಗಿ ಅಳೆಯುವವರು ಯಾರು ಎಂಬುದು ಎರಡನೆಯ ಆಕ್ಷೇಪ. ನೆಲೆಗೊಳ್ಳಲು ಗಂಟೆಗಟ್ಟಲೆ ಹಿಡಿಯುವ ಕಾಲಂನಲ್ಲಿ, ಈ ನಡುವೆ ಫೀಡ್ ಬದಲಾಗದಂತೆ ನೋಡಿಕೊಂಡು, ವಾಲ್ವನ್ನು ಸ್ವಲ್ಪವೇ ಕದಲಿಸಿ ತೆಗೆದ ಅಂಕಿಯಲ್ಲಿ ಒಂದಿಷ್ಟು ತಪ್ಪು ಇದ್ದೇ ಇರುತ್ತದೆ. ಇದಕ್ಕೆ ಉತ್ತರ ರಿಲೇಟಿವ್ ಗೇನ್‌ನೊಳಗೇ ಇದೆ. ಒಂದು ಗೇನ್ ಎಷ್ಟು ತಪ್ಪಾದರೆ ಇಡೀ ಲೆಕ್ಕ ಬುಡಮೇಲಾಗಿ ಎರಡು ಗುರಿಗಳನ್ನು ಬೇರೆ ಬೇರೆ ಹಿಡಿಯುವುದೇ ಅಸಾಧ್ಯವೆಂದು ಕಾಣುತ್ತದೆ ಎಂದು ಕೇಳಿದರೆ, ಉತ್ತರ 1ನ್ನು ಆ ರಿಲೇಟಿವ್ ಗೇನ್‌ನಿಂದ ಭಾಗಿಸಿದಷ್ಟು. ವುಡ್–ಬೆರಿಯಲ್ಲಿ 2.01 ಇರುವುದರಿಂದ ಸುಮಾರು ಅರ್ಧದಷ್ಟು ತಪ್ಪಾಗಬೇಕು. ಅಷ್ಟು ಕೆಟ್ಟದಾಗಿ ಯಾರೂ ಅಳೆಯುವುದಿಲ್ಲ, ಹಾಗಾಗಿ ಇಲ್ಲಿ ತೀರ್ಪು ಗಟ್ಟಿ. ಆದರೆ ನಾರ್ವೆಯ ಸಿಗುರ್ಡ್ ಸ್ಕೋಗೆಸ್ಟಾಡ್ ಮತ್ತವರ ಸಂಗಡಿಗರು 1988ರಲ್ಲಿ ಚರ್ಚೆಗೆ ತಂದ ಇನ್ನೊಂದು ಕಾಲಂ ಇದೆ. ಅದು ಮೇಲೆ ಶೇ 99 ಶುದ್ಧತೆ ಕೊಟ್ಟು ತಳದಲ್ಲಿ ಶೇ 1 ಮಾತ್ರ ಉಳಿಸುತ್ತದೆ. ಅದರಲ್ಲಿ ರಿಫ್ಲಕ್ಸ್ ಮತ್ತು ಆವಿಯ ಗೇನ್‌ಗಳು ಮೇಲೆ 0.878 ಮತ್ತು -0.864, ತಳದಲ್ಲಿ 1.082 ಮತ್ತು -1.096. ಎರಡು ವಾಲ್ವುಗಳೂ ಹೆಚ್ಚುಕಡಿಮೆ ಒಂದೇ ಕೆಲಸವನ್ನು ವಿರುದ್ಧ ದಿಕ್ಕಿನಲ್ಲಿ ಮಾಡುತ್ತವೆ. ಎರಡನ್ನೂ ಸಮನಾಗಿ ಹೆಚ್ಚಿಸಿದರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. ಸೂತ್ರಕ್ಕೆ ಹಾಕಿದರೆ ಬರುವ ರಿಲೇಟಿವ್ ಗೇನ್ 35. ಇಲ್ಲಿ ಒಂದು ಗೇನ್‌ನಲ್ಲಿ ಶೇ 3ಕ್ಕಿಂತ ಕಡಿಮೆ ತಪ್ಪಾದರೂ ಲೆಕ್ಕ ಬುಡಮೇಲು. ಅಂಥಲ್ಲಿ ನಾಲ್ಕು ಗೇನ್‌ಗಳನ್ನು ನಂಬಿ, ಒಂದು ಲೂಪಿನ ಪರಿಣಾಮವನ್ನು ಇನ್ನೊಂದರಿಂದ ಪೂರ್ತಿ ಅಳಿಸುವ ಡಿಕಪ್ಲರ್ ಕಟ್ಟಿದರೆ ಅದು ಅಳತೆಯ ಸಣ್ಣ ತಪ್ಪನ್ನೇ ಹಿಗ್ಗಿಸುತ್ತದೆ. ದೊಡ್ಡ ರಿಲೇಟಿವ್ ಗೇನ್ ಬಂದರೆ ಅದನ್ನು ಎಚ್ಚರಿಕೆಯ ಫಲಕವೆಂದೇ ಓದಬೇಕು.

ಆ ಕಾಲಂ ಆಡಿಸಲಾಗದ್ದು ಎಂದು ಇದರ ಅರ್ಥವಲ್ಲ. ರಿಫ್ಲಕ್ಸ್ ಬದಲಾದದ್ದು ತಳಕ್ಕೆ ಗೊತ್ತಾಗಲು ದ್ರವ ಎಲ್ಲ ಟ್ರೇ ದಾಟಿ ಇಳಿಯಬೇಕು. ಆ ಹೊತ್ತಿನೊಳಗೆ ಮೇಲಿನ ಲೂಪ್ ತನ್ನ ಕೆಲಸ ಮುಗಿಸಿಬಿಟ್ಟರೆ ತಳದ ಲೂಪಿನ ಜೊತೆ ಎಳೆದಾಟವೇ ಬರುವುದಿಲ್ಲ. ಇದೇ ಲೆಕ್ಕವನ್ನು ಬೇಗ ಬೇಗ ಆಗುವ ಬದಲಾವಣೆಗಳಿಗೆ ಮಾಡಿದರೆ 35 ಇದ್ದದ್ದು 1ರ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ ಅಲ್ಲಿ ಜೋಡಿ ಬದಲಿಸುವುದಕ್ಕಿಂತ ಅಳತೆಯನ್ನು ಚುರುಕು ಮಾಡುವುದು ಮುಖ್ಯ. ಶುದ್ಧತೆ ಅಳೆಯುವ ವಿಶ್ಲೇಷಕ ಯಂತ್ರ ಹತ್ತಾರು ನಿಮಿಷಕ್ಕೊಮ್ಮೆ ಉತ್ತರ ಕೊಡುವಂಥದ್ದಾದರೆ, ಆಯ್ದ ಒಂದು ಟ್ರೇಯ ತಾಪಮಾನವನ್ನು ಹಿಡಿದಿಡುವ ಲೂಪ್ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಮೂರನೆಯ ಕೊರತೆಯನ್ನು ಆಕ್ಷೇಪ ಎನ್ನುವುದಕ್ಕಿಂತ ಒಪ್ಪಿಕೊಳ್ಳಬೇಕಾದ ಮಿತಿ ಎನ್ನುವುದು ಸರಿ. ಪ್ರಭಾವ ಒಂದೇ ಕಡೆಗೆ ಇದ್ದರೆ ರಿಲೇಟಿವ್ ಗೇನ್‌ಗೆ ಅದು ಕಾಣುವುದಿಲ್ಲ. ರಿಫ್ಲಕ್ಸ್ ತಳವನ್ನು ಸ್ವಲ್ಪವೂ ಮುಟ್ಟುವುದಿಲ್ಲ, ಆದರೆ ಹಬೆ ಮೇಲಿನದನ್ನು ಜೋರಾಗಿ ಅಲ್ಲಾಡಿಸುತ್ತದೆ ಎನ್ನಿ. ಆಗ ಸೂತ್ರದ ಅಡ್ಡ ಗುಣಲಬ್ಧ ಸೊನ್ನೆಯಾಗಿ ಉತ್ತರ ಸರಿಯಾಗಿ 1 ಬರುತ್ತದೆ. ಜೋಡಿಯೂ ಸರಿ, ಎರಡು ಲೂಪ್ ಸೇರಿ ಅಸ್ಥಿರವಾಗುವುದೂ ಇಲ್ಲ. ಆದರೂ ತಳದ ಲೂಪ್ ಹಬೆ ತಿರುಗಿಸಿದಾಗಲೆಲ್ಲ ಮೇಲಿನ ಶುದ್ಧತೆ ಕೆಡುತ್ತದೆ. ಹಾಗೆಯೇ ಫೀಡಿನ ಪ್ರಮಾಣ ಹೆಚ್ಚುಕಡಿಮೆಯಾದಾಗ ಯಾವ ಜೋಡಿ ಚೆನ್ನಾಗಿ ತಡೆಯುತ್ತದೆ ಎಂಬುದೂ ಈ ನಾಲ್ಕು ಅಂಕಿಗಳಲ್ಲಿ ಇಲ್ಲ. ಹಾಗಾಗಿ 1 ಬಂದಾಗಲೂ ಗೇನ್‌ಗಳ ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಈಗ ಕಂಪ್ಯೂಟರ್ ಎಲ್ಲ ವಾಲ್ವುಗಳನ್ನೂ ಒಟ್ಟಿಗೆ ಲೆಕ್ಕ ಹಾಕಿ ಆಡಿಸುವ ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಇರುವಾಗ ಜೋಡಿಯ ಚರ್ಚೆ ಏಕೆ ಎಂದು ಕೇಳುವವರಿದ್ದಾರೆ. ಅದು ಸಾಮಾನ್ಯವಾಗಿ ಕೆಳಗಿನ ಒಂಟಿ ಲೂಪ್‌ಗಳ ಮೇಲೆ ಕುಳಿತು ಅವುಗಳಿಗೆ ಗುರಿ ಕೊಡುತ್ತದೆ. ಅದನ್ನು ನಿಲ್ಲಿಸಿದ ಹೊತ್ತಿನಲ್ಲಿ ಕಾಲಂ ನಿಲ್ಲುವುದು ಆ ಲೂಪ್‌ಗಳ ಮೇಲೆಯೇ. ಅಲ್ಲದೆ ರಿಲೇಟಿವ್ ಗೇನ್ 35 ಇರುವ ಕಾಲಂನ ಗೇನ್‌ಗಳನ್ನು ಕಂಪ್ಯೂಟರಿಗೆ ಕೊಟ್ಟರೂ ಆ ಶೇ 3ರ ಅಪಾಯ ಅಲ್ಲೂ ಹಾಗೇ ಇರುತ್ತದೆ. ತಪ್ಪು ಅಂಕಿಯ ಮೇಲೆ ನಿಂತ ಜಾಣ ಲೆಕ್ಕವೂ ತಪ್ಪು ವಾಲ್ವನ್ನೇ ತಿರುಗಿಸುತ್ತದೆ.

ಹೀಗಾಗಿ ಕೆಲಸದ ಕ್ರಮ ಸ್ಪಷ್ಟ. ಮೊದಲು ಮಟ್ಟ ಮತ್ತು ಒತ್ತಡದ ಲೂಪ್‌ಗಳು ಹೇಗೆ ಕಟ್ಟಿವೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ಅದು ಬದಲಾದರೆ ಗೇನ್‌ಗಳೂ ಬದಲಾಗುತ್ತವೆ. ಸ್ಕೋಗೆಸ್ಟಾಡ್ ಅವರ ಅದೇ ಕಾಲಂನಲ್ಲಿ ರಿಫ್ಲಕ್ಸಿನ ಬದಲು ಮೇಲಿನ ಉತ್ಪನ್ನದ ಹರಿವಿನಿಂದ ಶುದ್ಧತೆ ಹಿಡಿದು, ರಿಫ್ಲಕ್ಸಿಗೆ ಮಟ್ಟದ ಕೆಲಸ ಕೊಟ್ಟರೆ 35 ಇದ್ದದ್ದು 0.45ಕ್ಕೆ ಇಳಿಯುತ್ತದೆ. ಆಮೇಲೆ ಎರಡು ವಾಲ್ವುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಕದಲಿಸಿ, ಕಾದು, ನಾಲ್ಕು ಗೇನ್ ಬರೆದುಕೊಂಡು ಸೂತ್ರಕ್ಕೆ ಹಾಕಬೇಕು. ಋಣ ಬಂದ ಜೋಡಿಯನ್ನು ಅಲ್ಲೇ ಬಿಡಬೇಕು. ಉಳಿದದ್ದರಲ್ಲಿ ತಡ ಕಡಿಮೆ ಇರುವುದನ್ನು ಆರಿಸಿ, ಎರಡೂ ಲೂಪ್ ಆಟೋದಲ್ಲಿದ್ದಾಗಲೂ ಒಂದು ಮ್ಯಾನುಯಲ್‌ಗೆ ಹೋದಾಗಲೂ ತಡೆದುಕೊಳ್ಳುವಷ್ಟು ಮೆದುವಾಗಿ ಟ್ಯೂನ್ ಮಾಡಬೇಕು. ಮೆಥನಾಲ್ ಕಾಲಂನ ಉದಾಹರಣೆ ತೋರಿಸಿದಂತೆ, 12.8 ಮತ್ತು 18.9ರ ನಡುವೆ ದೊಡ್ಡದನ್ನು ಆರಿಸಿದವರಿಗೆ ಒಂದೊಂದೇ ಲೂಪ್ ಪರೀಕ್ಷಿಸುವಾಗ ತಪ್ಪು ಕಾಣುವುದೇ ಇಲ್ಲ. ಎರಡೂ ಆಟೋಗೆ ಹೋದ ಮೇಲಷ್ಟೇ ಕಾಣುತ್ತದೆ. ಅದನ್ನು ಮುಂಚೆಯೇ ಕಾಗದದ ಮೇಲೆ ಕಂಡುಕೊಳ್ಳಲು ಒಂದು ಭಾಗಾಕಾರ ಸಾಕು. ಆ ಭಾಗಾಕಾರ ಮಾಡದೆ ಎರಡನೆಯ ಲೂಪನ್ನು ಆಟೋಗೆ ಹಾಕಬಾರದು.